ಜೂಜು ಕೆಡಿಸುವ ನಿದ್ದೆ, ಕುಸಿಯುವ ಮನಸ್ಸು

ಜೂಜಿನ ಚಟಕ್ಕೆ ಬಿದ್ದವರಲ್ಲಿ ಮಂಕು ಕವಿದ ಮನಸ್ಸು, ಆತಂಕ ಮತ್ತು ನಿದ್ದೆಗೇಡು ಸಾಮಾನ್ಯವಾಗಿ ಒಟ್ಟಿಗೇ ಕಾಣಿಸುತ್ತವೆ. ಸಾಲ ತೀರಿದರೆ ಇವೆಲ್ಲ ತಾವಾಗಿಯೇ ಸರಿಹೋಗುತ್ತವೆ ಎಂದು ಮನೆಯವರು ನಂಬಿರುತ್ತಾರೆ. ಕೆಲವರ ವಿಷಯದಲ್ಲಿ ಅದು ನಿಜವೂ ಹೌದು. ಆದರೆ ಎಷ್ಟೋ ಜನರಲ್ಲಿ ಖಿನ್ನತೆ ಜೂಜಿಗಿಂತ ಮೊದಲೇ ಇರುತ್ತದೆ, ಅಥವಾ ಜೂಜು ನಿಂತ ಮೇಲೂ ಉಳಿಯುತ್ತದೆ. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿ 2013ರಲ್ಲಿ ಜೂಜಿನ ಚಟವನ್ನು ಮದ್ಯ ಮತ್ತಿತರ ವ್ಯಸನಗಳ ಗುಂಪಿಗೆ ಸೇರಿಸಿತು. ಅದು ಹೇಳುವ ಒಂಬತ್ತು ಲಕ್ಷಣಗಳಲ್ಲಿ ನಾಲ್ಕು ಹನ್ನೆರಡು ತಿಂಗಳೊಳಗೆ ಕಂಡರೆ ಅದು ಕಾಯಿಲೆ. ಆ ಒಂಬತ್ತರಲ್ಲಿ ಎರಡು ನೇರವಾಗಿ ಮನಸ್ಸಿಗೇ ಸಂಬಂಧಪಟ್ಟವು: ಬೇಸರ, ಆತಂಕ, ಅಪರಾಧಿ ಭಾವ ಕಾಡಿದಾಗ ಆಟಕ್ಕೆ ಕೂರುವುದು, ಮತ್ತು ಆಟ ಕಡಿಮೆ ಮಾಡಲು ಹೋದಾಗ ಚಡಪಡಿಕೆ, ಸಿಡುಕು ಹೆಚ್ಚುವುದು. ಹೀಗಾಗಿ ಮನಸ್ಸಿನ ಸ್ಥಿತಿಯನ್ನು ಪಕ್ಕಕ್ಕಿಟ್ಟು ಜೂಜನ್ನು ಮಾತ್ರ ಬಿಡಿಸಲು ಹೊರಡುವುದು ಅರ್ಧ ಕೆಲಸ.

ಯಾವುದು ಮೊದಲು ಬಂತು ಎಂಬುದನ್ನು ತಿಳಿಯಲು ವೈದ್ಯರು ಕೇಳುವ ಪ್ರಶ್ನೆ ಸರಳ. ಆಟ ಶುರುವಾಗುವ ಮುಂಚೆ ಮನಸ್ಸು ಹೇಗಿತ್ತು? ನಡುವೆ ಎರಡು ಮೂರು ತಿಂಗಳು ಆಟ ಬಿಟ್ಟಿದ್ದಾಗ ಹೇಗಿತ್ತು? ದುಃಖವನ್ನೋ ಒಂಟಿತನವನ್ನೋ ಮರೆಯಲು ಆಡುವವರಿಗೆ ಗೆಲುವಿಗಿಂತ, ಆಡುವಾಗ ತಲೆಯಲ್ಲಿ ಬೇರೇನೂ ಇರುವುದಿಲ್ಲ ಎಂಬುದೇ ಮುಖ್ಯ. ಇಂಥವರ ಸಾಲ ತೀರಿಸಿದರೂ ಮನಸ್ಸು ಹಗುರಾಗುವುದಿಲ್ಲ. ಇನ್ನು ಕೆಲವರು ಮೊದಲು ಗಟ್ಟಿಯಾಗಿಯೇ ಇದ್ದು, ಸೋತ ಹಣವನ್ನು ಮರಳಿ ಗಳಿಸಲು ಬೆನ್ನುಹತ್ತಿ ಆಮೇಲೆ ಕುಸಿಯುತ್ತಾರೆ. ಮೂರನೆಯ ಒಂದು ಬಗೆ ವಿರಳ, ಆದರೆ ಅದನ್ನು ತಪ್ಪಿಸಿಕೊಳ್ಳಬಾರದು. ರಾತ್ರಿ ಮೂರು ಗಂಟೆ ಮಾತ್ರ ಮಲಗಿದರೂ ದಣಿವಿಲ್ಲ, ಮಾತು ಅತಿ, ಹಣ ನೀರಿನಂತೆ ಖರ್ಚು, ತಾನು ಸೋಲುವುದೇ ಇಲ್ಲ ಎಂಬ ಹುಮ್ಮಸ್ಸು. ಇದು ಉನ್ಮಾದದ ಲಕ್ಷಣವಿರಬಹುದು. ಅಂಥವರಿಗೆ ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಸ್ಥಿತಿ ಬಿಗಡಾಯಿಸುವ ಅಪಾಯವಿದೆ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್‌ನಂಥ ಔಷಧಿಗಳೂ ಕೆಲವರಲ್ಲಿ ಹಿಂದೆಂದೂ ಇಲ್ಲದ ಜೂಜಿನ ಸೆಳೆತ ಹುಟ್ಟಿಸುತ್ತವೆ. ವಯಸ್ಸಾದವರು ಇದ್ದಕ್ಕಿದ್ದಂತೆ ಆಟಕ್ಕಿಳಿದರೆ ಅವರು ನುಂಗುವ ಮಾತ್ರೆಗಳ ಚೀಟಿಯನ್ನು ಮೊದಲು ನೋಡಬೇಕು.

ನಿದ್ದೆ ಈ ಮೂರರಲ್ಲಿ ಮೊದಲು ಕೆಡುವುದೂ ಹೌದು, ಉಳಿದೆರಡನ್ನು ಕೆಡಿಸುವುದೂ ಹೌದು. ಹಳ್ಳಿಯ ಜಾತ್ರೆಯ ಅಂದರ್ ಬಾಹರ್‌ಗೆ, ಕ್ಲಬ್ಬಿನ ಇಸ್ಪೀಟಿಗೆ ಮುಗಿಯುವ ಹೊತ್ತೊಂದು ಇರುತ್ತಿತ್ತು. ಮೊಬೈಲಿನ ರಮ್ಮಿಗೆ ಅದಿಲ್ಲ. ಐಪಿಎಲ್ ಸಂಜೆಯ ಪಂದ್ಯ ಏಳೂವರೆಗೆ ಶುರುವಾಗಿ ಮುಗಿಯುವಾಗ ಹನ್ನೊಂದು ದಾಟುತ್ತದೆ. ಸೋತವನು ಹೊದಿಕೆಯೊಳಗೇ ಇನ್ನೊಂದು ಆಟ ತೆರೆಯುತ್ತಾನೆ. ಗೆದ್ದರೂ ಸೋತರೂ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಇಂಥ ಉದ್ರೇಕದಲ್ಲಿರುವ ದೇಹ ಫೋನ್ ಕೆಳಗಿಟ್ಟ ಕೂಡಲೇ ನಿದ್ದೆಗೆ ಜಾರುವುದಿಲ್ಲ. ಒಂದಿಷ್ಟು ಕುಡಿದರೆ ಕಣ್ಣು ಬೇಗ ಮುಚ್ಚುತ್ತದೆ ನಿಜ, ಆದರೆ ಮದ್ಯ ರಾತ್ರಿಯ ಉತ್ತರಾರ್ಧದ ನಿದ್ದೆಯನ್ನು ಒಡೆಯುತ್ತದೆ. ಬೆಳಗಿನ ಜಾವ ಎಚ್ಚರವಾದಾಗ ನೆನಪಾಗುವುದು ಹತ್ತು ಗಂಟೆಗೆ ಬರಲಿರುವ ಸಾಲಗಾರನ ಫೋನು.

ನಿದ್ದೆಗೆಟ್ಟ ಮಿದುಳು ಲೆಕ್ಕವನ್ನೂ ತಪ್ಪಾಗಿ ಹಾಕುತ್ತದೆ. ಸಿಂಗಪುರ ಮತ್ತು ಅಮೆರಿಕದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂದೇ ಒಂದು ರಾತ್ರಿ ನಿದ್ದೆ ಬಿಟ್ಟ ಆರೋಗ್ಯವಂತರು ಪಣದ ಆಟದಲ್ಲಿ ನಷ್ಟ ತಪ್ಪಿಸಿಕೊಳ್ಳುವ ಎಚ್ಚರ ಕಳೆದುಕೊಂಡು ಲಾಭದ ಕಡೆಗೇ ವಾಲಿದ್ದು ಕಂಡುಬಂತು. ಅವರು ಜೂಜುಕೋರರಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ವಾರಗಟ್ಟಲೆ ನಾಲ್ಕು ಗಂಟೆ ಮಲಗುವವನು ನಡುರಾತ್ರಿ ಇಡುವ ಪಣವನ್ನು ಬರೀ ದುರಾಸೆ ಎಂದು ಕರೆದುಬಿಡುವುದು ಸರಿಯಲ್ಲ.

ಇದೆಲ್ಲ ಒಬ್ಬನೇ ಮನುಷ್ಯನಲ್ಲಿ ಹೇಗೆ ಹೆಣೆದುಕೊಳ್ಳುತ್ತದೆ ಎಂಬುದನ್ನು ಒಂದು ಕಲ್ಪಿತ ಪ್ರಸಂಗದಲ್ಲಿ ನೋಡಬಹುದು. ದಾವಣಗೆರೆಯ ಬಟ್ಟೆ ಅಂಗಡಿಯೊಂದರ ಲೆಕ್ಕ ಬರೆಯುವ 31 ವರ್ಷದ ಯುವಕ. ತಿಂಗಳಿಗೆ 24,000 ರೂಪಾಯಿ ಸಂಬಳ, ಮದುವೆಯಾಗಿ ಮೂರು ವರ್ಷ. ಗೆಳೆಯರ ಜೊತೆ ಪಂದ್ಯಕ್ಕೆ 200 ರೂಪಾಯಿಯಂತೆ ಶುರುವಾದದ್ದು ಒಂದೂವರೆ ವರ್ಷದಲ್ಲಿ 3,40,000 ರೂಪಾಯಿ ಸಾಲವಾಗಿದೆ. ಗೆಳೆಯರಿಂದ 60,000 ಕೈಸಾಲ, ಸಾಲದ ಆ್ಯಪ್‌ಗಳಿಂದ 90,000, ಹೆಂಡತಿಯ ಒಡವೆ ಗಿರವಿ ಇಟ್ಟು 1,20,000, ಅಂಗಡಿಯ ಗಲ್ಲಾದಿಂದ ಯಾರಿಗೂ ಗೊತ್ತಾಗದಂತೆ 70,000. ‘ಇನ್ನೂ ಮಲಗಿಲ್ವೇನ್ರೀ?’ ಎಂದು ಹೆಂಡತಿ ಕೇಳಿದರೆ, ‘ಅಂಗಡಿ ಲೆಕ್ಕ ಬಾಕಿ ಐತಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಅವನು ಮೊದಲು ಹೋಗುವುದು ಮನೋವೈದ್ಯರಲ್ಲಿಗಲ್ಲ. ಎದೆ ಡವಡವ, ಹೊಟ್ಟೆ ಉರಿ, ಊಟ ಸೇರುತ್ತಿಲ್ಲ ಎಂದು ಬೀದಿಯ ಡಾಕ್ಟರ ಹತ್ತಿರ ಹೋಗುತ್ತಾನೆ. ಇಸಿಜಿ ಸರಿಯಾಗಿದೆ, ಗ್ಯಾಸಿನ ಮಾತ್ರೆ ಮತ್ತು ಹತ್ತು ದಿನದ ನಿದ್ದೆ ಮಾತ್ರೆ ಸಿಗುತ್ತವೆ. ಜೂಜಿನ ಮಾತು ಅವನೂ ಎತ್ತುವುದಿಲ್ಲ, ಡಾಕ್ಟರೂ ಕೇಳುವುದಿಲ್ಲ. ಬೆನ್ಜೋಡಯಾಜೆಪೈನ್ ಗುಂಪಿನ ನಿದ್ದೆ ಮಾತ್ರೆಗಳು ವಾರಗಟ್ಟಲೆ ಮುಂದುವರಿದರೆ ತಾವೇ ಒಂದು ಚಟವಾಗುತ್ತವೆ, ಮದ್ಯದ ಜೊತೆ ಸೇರಿದರೆ ಉಸಿರಾಟಕ್ಕೇ ಅಪಾಯ. ಇಲ್ಲಿ ತಪ್ಪಿದ್ದು ಎರಡು ಪ್ರಶ್ನೆಗಳು. ಪಣದ ಹಣವನ್ನು ಹೆಚ್ಚಿಸುತ್ತಲೇ ಹೋಗಬೇಕು ಅನ್ನಿಸಿದೆಯೇ? ಎಷ್ಟು ಆಡುತ್ತೀರಿ ಎಂಬುದರ ಬಗ್ಗೆ ನಿಮಗೆ ಬೇಕಾದವರ ಹತ್ತಿರ ಸುಳ್ಳು ಹೇಳಬೇಕಾಗಿ ಬಂದಿದೆಯೇ? ಒಂದಕ್ಕೆ ‘ಹೌದು’ ಬಂದರೂ ವಿವರವಾಗಿ ವಿಚಾರಿಸಬೇಕು ಎಂಬುದು 1990ರ ದಶಕದಿಂದ ಬಳಕೆಯಲ್ಲಿರುವ ಪದ್ಧತಿ. ನಿದ್ದೆ ಇಲ್ಲ ಎಂದು ಬರುವ ಯುವಕರಿಗೆಲ್ಲ ಈ ಎರಡು ಪ್ರಶ್ನೆ ಕೇಳಲು ಒಂದು ನಿಮಿಷ ಸಾಕು.

ಮುಂದಿನ ತಿಂಗಳು ಅಂಗಡಿಯ ಲೆಕ್ಕ ತಪಾಸಣೆಗೆ ಬರುತ್ತದೆ, ಕೊರತೆ ಬಯಲಾಗುತ್ತದೆ. ಮಾವ ಜಮೀನಿನ ಮೇಲೆ ಸಾಲ ತೆಗೆದು ಎಲ್ಲವನ್ನೂ ಒಮ್ಮೆಲೇ ತೀರಿಸುತ್ತಾರೆ. ಅವನು ದೇವರ ಮುಂದೆ ಆಣೆ ಮಾಡಿ ಆಟ ಬಿಡುತ್ತಾನೆ. ಮನೆಯವರ ಕಣ್ಣಿಗೆ ಗಂಡಾಂತರ ಕಳೆದಂತೆ ಕಾಣುವ ಈ ದಿನಗಳೇ ಹೆಚ್ಚು ಎಚ್ಚರ ಬೇಡುವ ದಿನಗಳು. ಆಡುವಾಗ ‘ಮುಂದಿನ ಆಟದಲ್ಲಿ ಎಲ್ಲ ಸರಿಮಾಡುತ್ತೇನೆ’ ಎಂಬ ಆಸೆಯಾದರೂ ಇತ್ತು. ಈಗ ಅದು ಹೋಗಿದೆ, ಉಳಿದಿರುವುದು ಅವಮಾನ. ಆಟ ನಿಂತದ್ದರಿಂದಲೇ ಚಡಪಡಿಕೆ, ಸಿಡುಕು, ನಿದ್ದೆ ಬಾರದ ರಾತ್ರಿಗಳು ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಕಾಡುತ್ತವೆ. ಹಣಕಾಸಿನ ನಿಯಂತ್ರಣವನ್ನು ಅವನ ಕೈಯಲ್ಲೇ ಬಿಟ್ಟು ಸಾಲ ಮಾತ್ರ ತೀರಿಸಿದರೆ ಹೊಸ ಸಾಲಕ್ಕೆ ಜಾಗ ಮಾಡಿಕೊಟ್ಟಂತಾಗುತ್ತದೆ. ಎರಡನೆಯ ಸಲ ಸಿಕ್ಕಿಬಿದ್ದಾಗ ಹತಾಶೆ ಮೊದಲಿಗಿಂತ ಆಳವಾಗಿರುತ್ತದೆ.

ಹಾಗಾದರೆ ಯಾವಾಗ ವೈದ್ಯರನ್ನು ಕಾಣಬೇಕು? ಮನಸ್ಸಿನ ಮಂಕು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ, ದಿನದ ಹೆಚ್ಚು ಹೊತ್ತು ಇದ್ದು, ಕೆಲಸಕ್ಕೋ ಊಟಕ್ಕೋ ನಿದ್ದೆಗೋ ತೊಂದರೆಯಾಗಿದ್ದರೆ ಕಾಯುವುದು ಬೇಡ. ಜೂಜು ನಿಲ್ಲಿಸಲು ಹೋಗಿ ಪದೇಪದೇ ಸೋತಿದ್ದರೆ, ನಿದ್ದೆಗಾಗಿ ಕುಡಿತ ಅಥವಾ ಮಾತ್ರೆ ಹೆಚ್ಚುತ್ತಿದ್ದರೆ, ಆತಂಕ ಹಠಾತ್ತನೆ ಏರಿ ಉಸಿರು ಕಟ್ಟಿದಂತಾಗುತ್ತಿದ್ದರೆ ಅದೇ ವಾರ ಹೋಗಬೇಕು. ಎದೆನೋವು ಇದ್ದರೆ ಅದು ಆತಂಕ ಎಂದು ಮನೆಯಲ್ಲೇ ತೀರ್ಮಾನಿಸದೆ ಮೊದಲು ಹೃದಯದ ತಪಾಸಣೆ ಆಗಬೇಕು.

ಕೆಲವು ಸೂಚನೆಗಳಿಗೆ ವಾರವಲ್ಲ, ಗಂಟೆಗಳ ಲೆಕ್ಕ. ‘ನಾನಿಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ’ ಎಂಬ ಮಾತು, ಸಾಯುವ ಯೋಚನೆಯ ಪ್ರಸ್ತಾಪ, ವಿಮೆಯ ಕಾಗದಗಳನ್ನು ಹುಡುಕುವುದು, ಕಾರಣವಿಲ್ಲದೆ ಎಲ್ಲರಿಗೂ ಫೋನ್ ಮಾಡಿ ಬೀಳ್ಕೊಟ್ಟಂತೆ ಮಾತಾಡುವುದು, ವಾರಗಟ್ಟಲೆ ಒದ್ದಾಡಿದವರು ಇದ್ದಕ್ಕಿದ್ದಂತೆ ಶಾಂತರಾಗುವುದು, ಎರಡು ಮೂರು ರಾತ್ರಿ ಕಣ್ಣೇ ಮುಚ್ಚದೆ ತಿರುಗಾಡುವುದು. ಸಾಲ ಬಯಲಾದ ದಿನ, ಸಾಲಗಾರರು ಮನೆ ಮುಂದೆ ಬಂದ ದಿನ ಇವು ಕಂಡರೆ ಇನ್ನೂ ಗಂಭೀರ. ಇಂಥ ಹೊತ್ತಿನಲ್ಲಿ ‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ನೇರವಾಗಿ, ಮೆಲುದನಿಯಲ್ಲಿ ಕೇಳಬೇಕು. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಬಹಳ ಜನರಿಗೆ ಅದು ಬಾಯಿಬಿಡಲು ಸಿಗುವ ಮೊದಲ ಅವಕಾಶ. ‘ಹೌದು’ ಎಂದರೆ ಒಬ್ಬರನ್ನೇ ಬಿಡಬಾರದು. ಹೊಲದ ಔಷಧಿ, ಮನೆಯ ಮಾತ್ರೆಗಳು ಬೀಗದೊಳಗೆ ಹೋಗಬೇಕು. ಸಾಲದ ಜಗಳವನ್ನು ಆ ರಾತ್ರಿಯ ಮಟ್ಟಿಗೆ ನಿಲ್ಲಿಸಿ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು. ತುರ್ತಿಗೆ 112, ಆಂಬುಲೆನ್ಸ್‌ಗೆ 108. ಕೇಂದ್ರ ಸರ್ಕಾರ 2022ರಲ್ಲಿ ಶುರುಮಾಡಿದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.

ಪೊಲೀಸರ ಭಯದಿಂದ ಆಸ್ಪತ್ರೆಗೆ ಹೋಗದವರು ಕಡಿಮೆಯಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ. ಅದೇ ಕಾಯ್ದೆ ರೋಗಿಯ ಮಾಹಿತಿಯನ್ನು ಗುಟ್ಟಾಗಿಡುವ ಹೊಣೆಯನ್ನೂ ಚಿಕಿತ್ಸಕರ ಮೇಲೆ ಹೊರಿಸುತ್ತದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟ ನಡೆಸುವವರನ್ನು, ಅದರ ಜಾಹೀರಾತು ಕೊಡುವವರನ್ನು ಶಿಕ್ಷಿಸುತ್ತದೆ. ಆಡಿ ಕಳೆದುಕೊಂಡವರಿಗೆ ಅದರಲ್ಲಿ ಶಿಕ್ಷೆಯಿಲ್ಲ.

ಚಿಕಿತ್ಸೆಯಲ್ಲಿ ಮುಖ್ಯವಾದದ್ದು ಮಾತುಕತೆ. ಯಾವ ಹೊತ್ತಿನಲ್ಲಿ, ಯಾವ ಯೋಚನೆಯ ಬೆನ್ನಿಗೆ ಕೈ ಫೋನಿನತ್ತ ಹೋಗುತ್ತದೆ ಎಂಬುದನ್ನು ಗುರುತಿಸಿ ಆ ಜಾಡನ್ನು ಬದಲಿಸುವ ಸಿಬಿಟಿ ಎಂಬ ಕ್ರಮಕ್ಕೆ ಹೆಚ್ಚಿನ ಪುರಾವೆ ಇದೆ. ಖಿನ್ನತೆ ಇದ್ದರೆ ಅದಕ್ಕೆ ಬೇರೆಯಾಗಿ ಔಷಧಿ ಕೊಡುತ್ತಾರೆ. ಅದರ ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುವುದರಿಂದ, ಐದನೆಯ ದಿನಕ್ಕೇ ‘ಏನೂ ಪ್ರಯೋಜನವಿಲ್ಲ’ ಎಂದು ಬಿಡುವವರು ನಷ್ಟ ಮಾಡಿಕೊಳ್ಳುತ್ತಾರೆ. ಆಟ ಬಿಟ್ಟ ಮೇಲೆ ಹಲವರ ನಿದ್ದೆ, ಮನಸ್ಸು ಕೆಲವು ವಾರಗಳಲ್ಲಿ ತಾವೇ ಸುಧಾರಿಸುತ್ತವೆ. ತಿಂಗಳಾದರೂ ಸುಧಾರಿಸದಿದ್ದರೆ ಖಿನ್ನತೆ ಪ್ರತ್ಯೇಕ ಕಾಯಿಲೆಯಾಗಿಯೇ ಇದೆ ಎಂದು ವೈದ್ಯರು ಬಗೆಯುತ್ತಾರೆ.

ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯ ವಿಭಾಗದಲ್ಲಿ ಈ ಚಿಕಿತ್ಸೆ ಆರಂಭಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ವಿಭಾಗವೂ ಮೊಬೈಲ್, ಆನ್‌ಲೈನ್ ಆಟಗಳ ಗೀಳಿಗಾಗಿಯೇ ಇರುವ ‘ಷಟ್’ ಕ್ಲಿನಿಕ್ಕೂ ಇವೆ. ಮೊದಲ ಭೇಟಿಗೆ ಹೋಗುವಾಗ ಎಲ್ಲ ಸಾಲಗಳ ಪಟ್ಟಿ, ನುಂಗುತ್ತಿರುವ ಮಾತ್ರೆಗಳ ಚೀಟಿ, ಹಿಂದಿನ ಒಂದು ವಾರ ಮಲಗಿದ ಮತ್ತು ಎದ್ದ ಹೊತ್ತಿನ ಟಿಪ್ಪಣಿ ಜೊತೆಗಿದ್ದರೆ ವೈದ್ಯರ ಕೆಲಸ ಹಗುರ. ಮನೆಯವರೊಬ್ಬರು ಜೊತೆಗೆ ಬರಬೇಕು, ಆದರೆ ರೋಗಿ ವೈದ್ಯರೊಂದಿಗೆ ಒಬ್ಬರೇ ಮಾತಾಡಲು ಸ್ವಲ್ಪ ಹೊತ್ತು ಹೊರಗೆ ಕೂರಬೇಕು. ಗಲ್ಲಾದ ಹಣದಂಥ ಸಂಗತಿಗಳು ಆಗಲೇ ಹೊರಬರುತ್ತವೆ.