ಉದ್ರಿ ಕೇಳುವ ಇಮೇಲ್‌ನಲ್ಲಿ ಏನಿರಬೇಕು?

ನೂರು ರೂಪಾಯಿ ಮಾಲಿಗೆ ನಾಲ್ಕು ರೂಪಾಯಿ ಉಳಿಸಿಕೊಳ್ಳುವ ಹೋಲ್‌ಸೇಲ್ ವ್ಯಾಪಾರಿಗೆ 20,000 ರೂಪಾಯಿಯ ಒಂದು ಬಿಲ್ ಮುಳುಗಿತು ಎನ್ನಿ. ಆ ನಷ್ಟ ತುಂಬಿಕೊಳ್ಳಲು ಅವರು ಐದು ಲಕ್ಷದ ಮಾಲು ಮಾರಬೇಕು. ಉದ್ರಿ ಕೇಳಿ ಬಂದ ಇಮೇಲನ್ನು ಅವರು ಓದುವುದು ಈ ಲೆಕ್ಕ ತಲೆಯಲ್ಲಿಟ್ಟುಕೊಂಡೇ. 'ನಿಮ್ಮ ಹಳೇ ಗಿರಾಕಿ, ದಯವಿಟ್ಟು ಸಹಕರಿಸಿ' ಎಂದಷ್ಟೇ ಬರೆದರೆ ಅವರಿಗೆ ಧೈರ್ಯ ಬರುವುದಿಲ್ಲ.

ತುಮಕೂರಿನ ಒಂದು ಸ್ಟೇಷನರಿ ಅಂಗಡಿ ಬೆಂಗಳೂರಿನಿಂದ ವಾರಕ್ಕೆ ಸುಮಾರು 20,000 ರೂಪಾಯಿಯ ನೋಟ್‌ಬುಕ್, ಪೆನ್ನು ನಗದು ಕೊಟ್ಟು ತರಿಸುತ್ತಿದೆ ಎಂದುಕೊಳ್ಳೋಣ. ಮಾಲಿಕರು ಕೇಳುತ್ತಿರುವುದು 21 ದಿನದ ಉದ್ರಿ. ಅಂದರೆ ಯಾವಾಗಲೂ ಮೂರು ಬಿಲ್ ಬಾಕಿ ಇರುತ್ತದೆ. ಹಾಗಾಗಿ ಕೇಳಬೇಕಾದ ಮಿತಿ 60,000. ಇದಕ್ಕಿಂತ ಕಡಿಮೆ ಕೇಳಿದರೆ ಮೂರನೇ ವಾರವೇ ಮಾಲು ನಿಲ್ಲುತ್ತದೆ. ಒಂದೂವರೆ ಲಕ್ಷ ಕೇಳಿದರೆ, ಇಷ್ಟು ಯಾಕೆ ಬೇಕಾಯಿತು ಎಂಬ ಅನುಮಾನ ಹುಟ್ಟುತ್ತದೆ. ಆದ್ದರಿಂದ ಆರಂಭ ಹೀಗಿರಲಿ:

"ವಿಷಯ: ಉದ್ರಿ ಖಾತೆಗೆ ಮನವಿ – 60,000 ರೂ., 21 ದಿನ

ಮಾನ್ಯರೇ, ಎರಡು ವರ್ಷದಿಂದ ನಿಮ್ಮಲ್ಲಿ ನಗದು ಕೊಟ್ಟು ಮಾಲು ತರಿಸುತ್ತಿದ್ದೇವೆ. ಈಗ ವಾರಕ್ಕೆ ಸುಮಾರು 20,000 ರೂಪಾಯಿಯ ಖರೀದಿ ಇದೆ. ಪ್ರತಿ ಬಿಲ್ಲನ್ನೂ 21ನೇ ದಿನದೊಳಗೆ ಬ್ಯಾಂಕ್ ಮೂಲಕ ಪಾವತಿಸುತ್ತೇವೆ."

ಅಂಗಡಿಯ ವಿವರವನ್ನು ಉದ್ದ ಮಾಡಬೇಕಿಲ್ಲ. ಶುರುವಾದ ವರ್ಷ, ಮಾಲಿಕರ ಹೆಸರು, ವಿಳಾಸ, ಜಿಎಸ್‌ಟಿ ನಂಬರ್ ಸಾಕು. ಆ ನಂಬರನ್ನು gst.gov.in ನಲ್ಲಿ ಹಾಕಿದರೆ ನೋಂದಣಿಯಾದ ದಿನಾಂಕವೂ ರಿಟರ್ನ್ ಸಲ್ಲಿಸಿದ ದಿನಾಂಕಗಳೂ ಯಾರಿಗಾದರೂ ಕಾಣುತ್ತವೆ. ಜಾಣ ವ್ಯಾಪಾರಿ ಮೊದಲು ನೋಡುವುದೇ ಅಲ್ಲಿ. ನಡುವೆ ಎರಡು ತಿಂಗಳ ರಿಟರ್ನ್ ತಡವಾಗಿದ್ದರೆ ಕಾರಣವನ್ನು ಇಮೇಲ್‌ನಲ್ಲೇ ಹೇಳಿಬಿಡುವುದು ಮೇಲು.

ಹೆಚ್ಚಿನವರು ಎಡವುವುದು ಪರಿಚಯಸ್ಥರ ಹೆಸರು ಕೊಡುವಾಗ. ನೆಂಟರು, ಊರಿನ ಮುಖಂಡರು ನಿಮ್ಮ ಗುಣ ಹೇಳಬಲ್ಲರು. ಬಿಲ್ ಕಟ್ಟುವ ರೀತಿ ಅವರಿಗೇನು ಗೊತ್ತು? ಈಗಾಗಲೇ ಉದ್ರಿ ಕೊಡುತ್ತಿರುವ ಇಬ್ಬರು ಸರಬರಾಜುದಾರರ ಹೆಸರು ಕೊಡಿ. ಫೋನ್ ನಂಬರ್ ಕೊಡುವ ಮುಂಚೆ ಅವರ ಒಪ್ಪಿಗೆ ಪಡೆಯಿರಿ. ಜೊತೆಗೆ "2021ರಿಂದ ಪೇಪರ್ ಕೊಡುತ್ತಿದ್ದಾರೆ, ಮಿತಿ 40,000, ಅವಧಿ 15 ದಿನ" ಎಂದು ಬರೆಯಿರಿ. ಫೋನ್ ಮಾಡಿದವರಿಗೆ ಇದೇ ಮಾತು ಆ ಕಡೆಯಿಂದಲೂ ಕೇಳಿಸಿದರೆ ಅರ್ಧ ಕೆಲಸ ಆದಂತೆ. ಯಾರೂ ಉದ್ರಿ ಕೊಟ್ಟಿಲ್ಲವೆಂದರೆ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಲು ಸಿದ್ಧ ಎನ್ನಿ.

ಮೊದಲ ಸಲವೇ ಪೂರ್ತಿ ಮಿತಿ ಸಿಗುವುದು ಅಪರೂಪ. "ಸದ್ಯಕ್ಕೆ ಒಂದು ಬಿಲ್, ಏಳು ದಿನ" ಎಂದು ಉತ್ತರ ಬಂದರೆ ಒಪ್ಪಿಕೊಳ್ಳಿ. ಮೂರು ತಿಂಗಳ ನಂತರ ಮಿತಿಯನ್ನು ಮತ್ತೆ ನೋಡುವಿರಾ ಎಂದು ಅದೇ ಉತ್ತರದಲ್ಲಿ ಕೇಳಿ. ಭದ್ರತೆಗೆ ಚೆಕ್ ಕೇಳಿದರೆ ಮೊತ್ತ, ದಿನಾಂಕ ಬರೆದೇ ಕೊಡಿ, ಸಹಿ ಮಾಡಿದ ಖಾಲಿ ಚೆಕ್ ಬೇಡ. ಖಾತೆಯಲ್ಲಿ ಹಣವಿಲ್ಲದೆ ಚೆಕ್ ಬೌನ್ಸ್ ಆದರೆ ಕ್ರಿಮಿನಲ್ ಕೇಸ್ ಆಗಬಹುದು.