ಟೈರಿನ ಮೇಲಿನ ಮೂರು ದರ್ಜೆಗಳು

ಅಮೆರಿಕದ ನಿಯಮದಂತೆ ಕಾರಿನ ಟೈರಿನ ಬದಿಯಲ್ಲಿ ‘ಟ್ರೆಡ್‌ವೇರ್ 400, ಟ್ರ್ಯಾಕ್ಷನ್ ಎ, ಟೆಂಪರೇಚರ್ ಬಿ’ ಎಂಬಂಥ ಬರಹವಿರುತ್ತದೆ. ಈ ದರ್ಜೆಗಳನ್ನು ನಿಗದಿಪಡಿಸುವವರು ತಯಾರಕರೇ.

400 ಎಂದರೆ ಕಿಲೋಮೀಟರ್ ಲೆಕ್ಕವಲ್ಲ. ನಿಗದಿತ ಪರೀಕ್ಷಾ ಮಾರ್ಗದಲ್ಲಿ, 100 ದರ್ಜೆಯ ಟೈರಿಗಿಂತ ನಾಲ್ಕು ಪಟ್ಟು ನಿಧಾನವಾಗಿ ಸವೆಯುತ್ತದೆ ಎಂದಷ್ಟೇ ಅರ್ಥ. ಸುಮಾರು 11,500 ಕಿ.ಮೀ. ಓಟದ ಸವೆತದಿಂದ ಪೂರ್ಣ ಬಾಳಿಕೆಯನ್ನು ಅಂದಾಜಿಸುವುದರಿಂದ ಬೇರೆ ಬೇರೆ ಕಂಪನಿಗಳ ಅಂಕಿಗಳನ್ನು ಕರಾರುವಾಕ್ಕಾಗಿ ಹೋಲಿಸಲಾಗದು.

ಟ್ರ್ಯಾಕ್ಷನ್‌ನಲ್ಲಿ ಎಎ ಅತ್ಯುತ್ತಮ, ಸಿ ಕನಿಷ್ಠ. ಇದು ಒದ್ದೆ ಡಾಂಬರು ಮತ್ತು ಕಾಂಕ್ರೀಟಿನ ಮೇಲೆ ನೇರವಾಗಿ ಬ್ರೇಕ್ ಹಾಕಿದಾಗಿನ ಹಿಡಿತ ಮಾತ್ರ. ತಿರುವಿನ ಹಿಡಿತಕ್ಕಾಗಲಿ, ನಿಂತ ನೀರಿನ ಮೇಲೆ ಟೈರು ತೇಲಿ ಜಾರದು ಎಂಬುದಕ್ಕಾಗಲಿ ಭರವಸೆಯಲ್ಲ.

ಟೆಂಪರೇಚರ್ ದರ್ಜೆ ವೇಗದ ಓಟದಲ್ಲಿ ಹುಟ್ಟುವ ಶಾಖವನ್ನು ತಾಳುವ ಶಕ್ತಿ. ಇಲ್ಲಿ ಎ ಉತ್ತಮ, ಸಿ ಕಾನೂನಿನ ಕನಿಷ್ಠ ಮಟ್ಟ. ಗಾಳಿ ಕಡಿಮೆಯಾದರೆ ಅಥವಾ ಭಾರ ಮಿತಿಮೀರಿದರೆ ಎ ದರ್ಜೆಯ ಟೈರೂ ಕಾದು ಸಿಡಿಯಬಹುದು.