ಪನ್ನೀರಿನ ಮೇಜು ಎಲ್ಲಿಡಬೇಕು?

ಲಗ್ನಪತ್ರಿಕೆಯಲ್ಲಿ ಆರತಕ್ಷತೆ ಏಳು ಗಂಟೆಗೆ ಎಂದಿದ್ದರೂ ನೆಂಟರು ಬರುವುದು ಏಳೂವರೆಯಿಂದ ಎಂಟರ ನಡುವೆ, ಎಲ್ಲರೂ ಒಟ್ಟಿಗೆ. ವರ್ಷಗಟ್ಟಲೆ ಮದುವೆ ಉಸ್ತುವಾರಿ ನೋಡಿಕೊಂಡ ನನಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆದರೂ ನಾನು ವಹಿಸಿಕೊಂಡ ಒಂದು ಮದುವೆಯಲ್ಲಿ ಛತ್ರದ ಬಾಗಿಲಲ್ಲೇ ನೂಕುನುಗ್ಗಲಾಗಿ ಒಬ್ಬ ಅಜ್ಜಿ ಪ್ರಜ್ಞೆ ತಪ್ಪಿದರು. ಮಾರನೆಯ ದಿನ ಮನೆಯವರಿಗೆ ಬರೆದುಕೊಟ್ಟ ವರದಿಯ ಸಾರ ಇದು.

ಬಾಗಿಲು ಆರಡಿಯದು. ಒಂದು ರೆಕ್ಕೆಗೆ ಚಿಲಕ ಹಾಕಿತ್ತು, ಉಳಿದದ್ದು ಮೂರಡಿ. ಜನ ನಿಲ್ಲದೆ ನಡೆದರೆ ಅಷ್ಟರಲ್ಲೇ ನಿಮಿಷಕ್ಕೆ ಅರವತ್ತು ಮಂದಿಯಾದರೂ ದಾಟುತ್ತಾರೆ. ಆದರೆ ಹೊಸ್ತಿಲು ದಾಟಿದ ಕೂಡಲೇ ಪನ್ನೀರು, ಕಲ್ಲುಸಕ್ಕರೆಯ ಮೇಜು ಇಟ್ಟಿದ್ದೆವು. ಪ್ರತಿಯೊಬ್ಬರೂ ಅಲ್ಲಿ ನಿಂತರು. ಊಟ ಮುಗಿಸಿದವರು ಹೊರಬರುವುದೂ ಅದೇ ದಾರಿಯಲ್ಲಿ. ಹಾಗಾಗಿ ನಿಮಿಷಕ್ಕೆ ಮೂವತ್ತು ಮಂದಿ ಒಳಹೋದರೆ ಹೆಚ್ಚು. ಬರುತ್ತಿದ್ದವರು ಸುಮಾರು ನಲವತ್ತೈದು. ನಿಮಿಷಕ್ಕೆ ಹದಿನೈದು ಜನ ಉಳಿದರೆ ಇಪ್ಪತ್ತು ನಿಮಿಷಕ್ಕೆ ಮುನ್ನೂರು. ಮುಂದಿನ ಜಗಲಿ ಆರುನೂರು ಚದರಡಿ, ಅಂದರೆ ಒಬ್ಬರಿಗೆ ಎರಡೇ ಚದರಡಿ. ಬಾಗಿಲ ಹತ್ತಿರ ಅದೂ ಇರಲಿಲ್ಲ.

ಅಷ್ಟು ಒತ್ತಾದ ಮೇಲೆ ಜನ ನಡೆಯುವುದಿಲ್ಲ, ತೇಲುತ್ತಾರೆ. ಕೈ ಎತ್ತಲಾಗುವುದಿಲ್ಲ, ಹಿಂದಿನ ಒಂದು ಹೆಜ್ಜೆಗೆ ಮುಂದಿನ ಹತ್ತು ಜನ ಓಲಾಡುತ್ತಾರೆ. ಇಂಥ ಕಡೆ ಸಾವು ಬರುವುದು ಕಾಲ್ತುಳಿತಕ್ಕಿಂತ ಹೆಚ್ಚಾಗಿ ಎದೆ ಅದುಮಿ ಉಸಿರು ಕಟ್ಟುವುದರಿಂದ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 11 ಮಂದಿ ತೀರಿಕೊಂಡಾಗಲೂ ಒತ್ತಡ ಬಿದ್ದದ್ದು ಗೇಟುಗಳ ಮುಂದೆಯೇ.

ನಮ್ಮಲ್ಲಿ ಹುಡುಗರಿಗೆ ಕೊರತೆಯಿರಲಿಲ್ಲ, ಹನ್ನೊಂದು ಮಂದಿ ಇದ್ದರು. ಎಲ್ಲರೂ ಒಳಗೆ: ವೇದಿಕೆ, ಉಡುಗೊರೆ, ಊಟದ ಮನೆ. ಮೇಜಿನ ಬಳಿಯ ಇಬ್ಬರ ಕಣ್ಣು ಪನ್ನೀರುದಾನಿಯ ಮೇಲೆ. ಹಿಂದಿನವರಿಗೆ ಮುಂದೆ ಏನಾಗುತ್ತಿದೆಯೆಂದು ಕಾಣುವುದಿಲ್ಲ. ಊಟ ತಪ್ಪೀತೆಂದು ಒತ್ತುತ್ತಾರೆ. "ಹಿಂದೆ ಸರೀರಿ" ಎಂದು ಬಾಗಿಲಲ್ಲಿ ನಿಂತು ನಾನೇ ಕೂಗಿದೆ. ಕೇಳಿಸಿದ್ದು ಸರಿಯಲು ಜಾಗವೇ ಇಲ್ಲದವರಿಗೆ. ಪಕ್ಕದ ಬಾಗಿಲಿಗೆ ಓಡಿದರೆ ಅದಕ್ಕೆ ಬೀಗ, ಒಳಗಡೆ ಅಡ್ಡಲಾಗಿ ಪೇರಿಸಿದ ಕುರ್ಚಿಗಳು. ಕೀ ಹುಡುಕಿ, ಕುರ್ಚಿ ಎಳೆಯುವಷ್ಟರಲ್ಲಿ ಆರು ನಿಮಿಷ ಕಳೆದಿತ್ತು.

ಒತ್ತಡ ನಿಜವಾಗಿ ಇಳಿದದ್ದು ಒಬ್ಬ ಡ್ರೈವರಣ್ಣನಿಂದ. ಆತ ರಸ್ತೆಬದಿಯ ಗೇಟಿನಲ್ಲಿ ಕೈ ಅಡ್ಡ ಹಿಡಿದು ಬರುವವರನ್ನು ತಡೆದು, ಕೊನೆಯ ಸಾಲಿನವರನ್ನು ಅಂಗಳಕ್ಕೆ ಕರೆದ. ಗುಂಪು ಸಡಿಲವಾಗುವುದು ಹಿಂದಿನಿಂದಲೇ.

ಈಗ ನಾನು ಮೊದಲು ಆಳು ನಿಲ್ಲಿಸುವುದು ಆ ಗೇಟಿನಲ್ಲಿ, ಇನ್ನೊಬ್ಬನನ್ನು ಜಗಲಿ ಕಾಣುವ ಮೆಟ್ಟಿಲ ಮೇಲೆ. ಅರ್ಧ ಜಗಲಿ ತುಂಬಿದರೆ ಇವನು ಫೋನ್ ಮಾಡುತ್ತಾನೆ, ಅವನು ತಡೆಯುತ್ತಾನೆ, ನನ್ನನ್ನು ಕೇಳಬೇಕಿಲ್ಲ. ಎರಡೂ ರೆಕ್ಕೆ ತೆರೆದಿರುತ್ತವೆ. ಉಂಡವರಿಗೆ ಪಕ್ಕದ ಬಾಗಿಲು, ತಾಂಬೂಲವೂ ಅಲ್ಲೇ. ಪನ್ನೀರಿನ ಮೇಜು ಬಾಗಿಲಿನಿಂದ ಮೂವತ್ತಡಿ ಒಳಗಿದೆ.